ಒಣಗಿದ ಶಾಯಿಯ ಹಿಡಿತ

ಹೈದರಾಬಾದಿನ ಅಬಿಡ್ಸ್‌ನಲ್ಲಿರುವ ಡೆಕ್ಕನ್ ಪೆನ್ ಸ್ಟೋರ್ಸ್‌ನ ಹಳೆಯ ಎಬೊನೈಟ್ ಪೆನ್ನುಗಳಲ್ಲಿ ನಿಬ್ಬನ್ನೂ ಅದರಡಿಯ ನಾಲಗೆಯನ್ನೂ ಕತ್ತಿನೊಳಗೆ ಬಿಗಿಯಾಗಿ ತುರುಕಿರುತ್ತಾರೆ, ಅಂಟಿಲ್ಲ, ತಿರುಪಿಲ್ಲ. ವರ್ಷಗಟ್ಟಲೆ ಬರೆಯದೆ ಇಟ್ಟರೆ ಒಣಗಿದ ಶಾಯಿಯೇ ಅಂಟಾಗುತ್ತದೆ.

ಇದನ್ನು ಬಿಡಿಸುವುದು ನೀರು, ಕೈಯಲ್ಲ. ಕತ್ತಿನ ಭಾಗವನ್ನಷ್ಟೇ ತಣ್ಣೀರಿನ ಲೋಟದಲ್ಲಿ ಇಳಿಬಿಡಬೇಕು. ನಿಬ್ಬಿನ ಸೀಳಿನಿಂದ ಶಾಯಿ ನೀಲಿ ನೂಲಿನಂತೆ ಇಳಿಯತೊಡಗುತ್ತದೆ. ಶಾಯಿ ಕಲೆತ ನೀರನ್ನು ಚೆಲ್ಲಿ ಹೊಸದು ತುಂಬುತ್ತ ಹೋಗಬೇಕು. ಒಂದು ದಿನವಾದರೂ ಬೇಕು, ಕೆಲವಕ್ಕೆ ಮೂರು. ಬಿಸಿನೀರಿನ ಆತುರ ಸಲ್ಲದು: ಕಪ್ಪು ಎಬೊನೈಟ್ ಮಾಸಿ ಕಂದುಹಸಿರಾಗುತ್ತದೆ, ನಾಲಗೆ ಸೊಟ್ಟಗಾಗಬಹುದು.

ನೀರು ತಿಳಿಯಾಗಿಯೇ ಉಳಿದಾಗ ಎಳೆಯುವ ಸರದಿ. ನಿಬ್ಬು ನಾಲಗೆಗಳಿಗೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ, ಹೆಬ್ಬೆರಳು ನಿಬ್ಬಿನ ಮೇಲೆ, ತೋರುಬೆರಳು ನಾಲಗೆಯ ಕೆಳಗೆ, ತುದಿಯಿಂದ ದೂರ, ಕತ್ತಿನ ಹತ್ತಿರ ಹಿಡಿದು ಎರಡನ್ನೂ ಒಟ್ಟಿಗೆ ನೇರವಾಗಿ ಎಳೆಯಬೇಕು. ಅತ್ತಿತ್ತ ಬಾಗಿಸಿದರೆ ನಾಲಗೆ ಮುರಿಯುತ್ತದೆ. ನಿಬ್ಬೊಂದೇ ಜಾರಿ ನಾಲಗೆ ನಿಂತರೆ ಒಳಗಿನ್ನೂ ಶಾಯಿಯಿದೆ ಎಂದರ್ಥ; ಮತ್ತೆ ಲೋಟಕ್ಕೆ. ಸಡಿಲಾದದ್ದು ಕೂದಲೆಳೆಯಷ್ಟು ಸರಿದು, ಬಳಿಕ ಸಲೀಸಾಗಿ ಕೈಗೆ ಬರುತ್ತದೆ.