ಲೆವೆಲ್ ಪೈಪಿನ ಓಲಾಟ

ಗಾರೆ ಮೇಸ್ತ್ರಿಯ ಲೆವೆಲ್ ಪೈಪಿನ ಒಂದು ತುದಿಯಿಂದ ಹೆಬ್ಬೆರಳು ತೆಗೆದೊಡನೆ ನೀರು ಸರ್ರನೆ ಇಳಿಯುತ್ತದೆ, ಮಟ್ಟ ದಾಟುತ್ತದೆ, ಮತ್ತೆ ಏರುತ್ತದೆ. ನನಗೆ ಆ ಓಲಾಟವನ್ನು ಎಷ್ಟು ನೋಡಿದರೂ ಸಾಲದು.

ಒಂದು ಕಡೆ ನೀರು ಒಂದು ಅಂಗುಲ ಇಳಿದರೆ ಇನ್ನೊಂದು ಕಡೆ ಒಂದು ಅಂಗುಲ ಏರುತ್ತದೆ. ವ್ಯತ್ಯಾಸ ಎರಡು ಅಂಗುಲ. ಹಿಂದಕ್ಕೆಳೆಯುವುದು ಆ ಎರಡಂಗುಲ ನೀರಿನ ಭಾರ ಮಾತ್ರ. ಆದರೆ ನೆಲದ ಮೇಲೆ ಮಲಗಿದ್ದೂ ಸೇರಿ ಪೈಪಿನೊಳಗಿನ ಅಷ್ಟೂ ನೀರು ಕದಲಬೇಕು. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ:

T = 2π√(L/2g)

L ಎಂದರೆ ನೀರಿನ ಒಟ್ಟು ಉದ್ದ. 10 ಮೀಟರ್ ಇದ್ದರೆ ಒಂದು ಓಲಾಟಕ್ಕೆ ಸುಮಾರು 4.5 ಸೆಕೆಂಡು. ಪೈಪಿನ ದಪ್ಪವಾಗಲಿ ದ್ರವದ ಸಾಂದ್ರತೆಯಾಗಲಿ ಸೂತ್ರದಲ್ಲಿಲ್ಲ. ಪಾದರಸ ತುಂಬಿದರೂ ಅದೇ ಕಾಲ, ಏಕೆಂದರೆ ಭಾರ ಹೆಚ್ಚಿದಷ್ಟೇ ಕದಲಿಸಬೇಕಾದ ರಾಶಿಯೂ ಹೆಚ್ಚುತ್ತದೆ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲೇ ಇದನ್ನು ಕಂಡಿದ್ದ: ನೀರಿನ ಅರ್ಧ ಉದ್ದದ ಲೋಲಕಕ್ಕೂ ಇದೇ ಕಾಲ. ಎಂಥ ಚೆಂದದ ಹೋಲಿಕೆ!

ಆದರೆ ಈ ಸೂತ್ರ ಹೊಂದಬೇಕಾದರೆ ಪೈಪಿನ ಎರಡು ಕಾಲುಗಳೂ ಒಂದೇ ದಪ್ಪವಿರಬೇಕು, ನೀರಿನ ಮಟ್ಟ ನೆಟ್ಟಗಿರುವ ಭಾಗದಲ್ಲೇ ಆಡಬೇಕು. ಸಣ್ಣ ಪೈಪಿನಲ್ಲಿ ಘರ್ಷಣೆ ಕೆಲವೇ ಓಲಾಟಗಳಲ್ಲಿ ನೀರನ್ನು ನಿಲ್ಲಿಸಿಬಿಡುತ್ತದೆ. ಆಗ ಮೇಸ್ತ್ರಿ ಗೋಡೆಗೆ ಪೆನ್ಸಿಲ್ ಗುರುತು ಹಾಕುತ್ತಾನೆ.