ಶೇ. 20ಕ್ಕೋ, ಶೇ. 20ರಷ್ಟೋ?

ಈ ಸಲ ವಿಮರ್ಶೆಗೆ ತಗೊಂಡಿರೋದು ಪುಸ್ತಕ ಅಲ್ಲ, ಸಿನಿಮಾನೂ ಅಲ್ಲ. ಎರಡು ಪುಟದ ಒಂದು ದೂರು ಪತ್ರ. ಬರೆದವಳು ನನ್ನ ಗೆಳತಿಯ ತಂಗಿ, ಹಾವೇರಿ ಕಡೆಯವಳು. ಬರೆದದ್ದು ಒಂದು ನೇಮಕಾತಿ ಪರೀಕ್ಷಾ ಮಂಡಳಿಗೆ. ಮಂಡಳಿಯಿಂದ ಒಂದೇ ಸಾಲಿನ ಉತ್ತರ ಬಂತು: ‘ಕೀ ಉತ್ತರವನ್ನು ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ.’ ಅವಳು ಎರಡನ್ನೂ ನನಗೆ ವಾಟ್ಸಾಪ್ ಮಾಡಿ ಕೇಳಿದಳು: “ಅಕ್ಕಾ, ನಾ ಬರದದ್ರಾಗ ಏನ್ ತಪ್ಪೈತಿ ಹೇಳ್ರಿ.”

ಮೊದಲು ಆ ಪ್ರಶ್ನೆ ನೋಡೋಣ. ಕಂಪ್ಯೂಟರಿನಲ್ಲಿ ನಡೆದ ಪರೀಕ್ಷೆ, 90 ನಿಮಿಷ, 100 ಪ್ರಶ್ನೆ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ಅವಳು ಭಾಷೆ ಅಂತ ಕನ್ನಡ ಆರಿಸಿಕೊಂಡಿದ್ದಳು. ತೆರೆಯ ಮೇಲೆ ಬಂದದ್ದು ಇಷ್ಟು: ‘500 ರೂ. ಬೆಲೆಯ ಚೀಲದ ಬೆಲೆಯನ್ನು ಮೊದಲು ಶೇ. 20ಕ್ಕೆ ಇಳಿಸಿ, ನಂತರ ಶೇ. 20ರಷ್ಟು ಹೆಚ್ಚಿಸಲಾಯಿತು. ಈಗಿನ ಬೆಲೆ ಎಷ್ಟು?’ ಆಯ್ಕೆಗಳು: 500, 480, 400, 120.

500ರ ಶೇ. 20 ಅಂದ್ರೆ 100. ಅದಕ್ಕೆ ಶೇ. 20 ಸೇರಿಸಿದರೆ 120. ಆಯ್ಕೆಗಳಲ್ಲಿ 120 ಇದೆ. ಒತ್ತಿದಳು, ಮುಂದಕ್ಕೆ ಹೋದಳು.

ಇಂಗ್ಲಿಷ್ ಆವೃತ್ತಿಯಲ್ಲಿ ಇದ್ದದ್ದು ‘ಬೈ 20 ಪರ್ಸೆಂಟ್’, ಅಂದ್ರೆ ಶೇ. 20ರಷ್ಟು ಇಳಿಸಿದ್ದು. 500 ಹೋಗಿ 400 ಆಗುತ್ತೆ, ಅದಕ್ಕೆ ಮತ್ತೆ ಶೇ. 20 ಸೇರಿದರೆ 480. ಕೀ ಕೂಡ 480 ಅಂತಲೇ ಹೇಳುತ್ತೆ. ವ್ಯತ್ಯಾಸ ಇರೋದು ಒಂದು ವಿಭಕ್ತಿಯಲ್ಲಿ ಮಾತ್ರ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನ ಶೇ. 0.25ರಷ್ಟು ಇಳಿಸಿ ಶೇ. 6ಕ್ಕೆ ತಂದಿತು. ಈ ಎರಡನ್ನೂ ಅದಲುಬದಲು ಮಾಡಿ ಓದಿ ನೋಡಿ, ಹೋಮ್ ಲೋನ್ ಇರೋರಿಗೆಲ್ಲ ಎದೆ ಝಲ್ ಅನ್ನುತ್ತೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 120 ಅನ್ನೋ ಆಯ್ಕೆ ಅಲ್ಲಿ ಸುಮ್ಮನೆ ಬಂದು ಕೂತಿಲ್ಲ. ಬಹು ಆಯ್ಕೆ ಪ್ರಶ್ನೆ ಬರೆಯೋರು ತಪ್ಪು ಆಯ್ಕೆಗಳನ್ನ ಜನ ಮಾಡಬಹುದಾದ ತಪ್ಪುಗಳಿಂದಲೇ ತೆಗೆಯುತ್ತಾರೆ. ಇಳಿಸಿದ್ದು ಏರಿಸಿದ್ದು ಸಮ ಆಯ್ತು ಅಂದುಕೊಳ್ಳೋರಿಗೆ 500. ಅರ್ಧ ಲೆಕ್ಕಕ್ಕೇ ನಿಲ್ಲಿಸೋರಿಗೆ 400. ‘ರಷ್ಟು’ ಅನ್ನೋದನ್ನ ‘ಕ್ಕೆ’ ಅಂತ ಓದಿಕೊಳ್ಳೋ ಅವಸರದವರಿಗೆ 120. ಅಂದ್ರೆ ಗಮನವಿಲ್ಲದವರಿಗೆ ಅಂತ ತೋಡಿದ ಗುಂಡಿಗೆ, ಗಮನಕೊಟ್ಟು ಓದಿದ ಕನ್ನಡದ ಅಭ್ಯರ್ಥಿಯನ್ನ ಅನುವಾದವೇ ಕೈ ಹಿಡಿದು ಇಳಿಸಿದೆ.

ಈಗ ಪತ್ರಕ್ಕೆ ಬರೋಣ. ಮೊದಲ ಪುಟದ ತುಂಬಾ ಎರಡು ವರ್ಷದ ಓದು, ಅಪ್ಪನ ಸಾಲ, ಕಟ್-ಆಫ್‌ಗೆ ಒಂದು ಅಂಕಕ್ಕಿಂತ ಕಡಿಮೆ ಅಂತರದಲ್ಲಿ ತಪ್ಪಿದ ಕೆಲಸ. ಎಲ್ಲ ನಿಜ, ಓದಿದರೆ ಹೊಟ್ಟೆ ಕಿವುಚುತ್ತೆ. ಆದರೆ ಈ ಪತ್ರ ಓದೋನು ಕರುಣೆ ತೋರಿಸೋ ಅಧಿಕಾರಿ ಅಲ್ಲ. ಅವನು ವಿಷಯ ತಜ್ಞ, ಅವನ ಮುಂದೆ ಇಂಥ ಆಕ್ಷೇಪಣೆಗಳ ರಾಶಿಯೇ ಇರುತ್ತೆ. ಅವನು ಹುಡುಕೋದು ಪ್ರಶ್ನೆಯ ಗುರುತು. ಅವಳು ಬರೆದದ್ದು ‘43ನೇ ಪ್ರಶ್ನೆ, ನಾಲ್ಕನೇ ಆಯ್ಕೆ’ ಅಂತ. ಇಂಥ ಪರೀಕ್ಷೆಗಳಲ್ಲಿ ಪ್ರಶ್ನೆಗಳ ಕ್ರಮ, ಆಯ್ಕೆಗಳ ಕ್ರಮ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತೆ. ಅವಳ 43 ಪಕ್ಕದವನಿಗೆ 71 ಆಗಿರಬಹುದು. ರೆಸ್ಪಾನ್ಸ್ ಶೀಟ್‌ನಲ್ಲಿ ಪ್ರತಿ ಪ್ರಶ್ನೆಗೂ ಆಯ್ಕೆಗೂ ಉದ್ದನೆಯ ಐಡಿ ಸಂಖ್ಯೆ ಇರುತ್ತಲ್ಲ, ಪತ್ರ ಅಲ್ಲಿಂದ ಶುರುವಾಗಬೇಕಿತ್ತು. ಜೊತೆಗೆ ಪರೀಕ್ಷೆಯ ದಿನಾಂಕ, ಶಿಫ್ಟ್.

ಇದು ಸಣ್ಣ ದೋಷ. ದೊಡ್ಡದು ಎರಡನೇ ಪುಟದಲ್ಲಿದೆ: ‘ನಿಮ್ಮ ಕೀ ಉತ್ತರ ತಪ್ಪು. 120 ಎಂದು ತಿದ್ದಬೇಕಾಗಿ ವಿನಂತಿ.’

ಕೀ ತಪ್ಪಲ್ಲ. ಇಂಗ್ಲಿಷ್ ಪ್ರಶ್ನೆಗೆ 480 ನೂರಕ್ಕೆ ನೂರು ಸರಿ. ತಜ್ಞ ಇಂಗ್ಲಿಷ್ ಆವೃತ್ತಿ ತೆಗೆದು ನೋಡಿದ, ಲೆಕ್ಕ ಹಾಕಿದ, ಸರಿಯಿದೆ ಅಂದ. ಅವಳು ಕೇಳಿದ್ದಕ್ಕೆ ಅವನು ಪ್ರಾಮಾಣಿಕವಾಗೇ ಉತ್ತರ ಕೊಟ್ಟಿದ್ದಾನೆ. ಅವಳ ನಿಜವಾದ ದೂರು ಬೇರೆ: ನನಗೆ ಕೇಳಿದ್ದೇ ಬೇರೆ ಪ್ರಶ್ನೆ. ಎರಡು ಪುಟದಲ್ಲಿ ಈ ಮಾತು ಎಲ್ಲೂ ಇಲ್ಲ. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಕೀ ಸರಿಯಿದೆ ಅಂತಲೇ ಭಾವಿಸಬೇಕು, ತಪ್ಪು ಅನ್ನೋದು ಸುತ್ತಿ ಬಳಸಿ ವಾದಿಸದೆ ಸ್ಪಷ್ಟವಾಗಿ ಕಾಣಬೇಕು. ಕೀ ಮೇಲೆ ಮುಗಿಬಿದ್ದ ಅವಳು, ಎದುರಿನವರು ಗಟ್ಟಿಯಾಗಿದ್ದ ಜಾಗಕ್ಕೇ ಹೋಗಿ ಡಿಕ್ಕಿ ಹೊಡೆದಳು.

ಮಂಡಳಿ ಕಡೆಯೂ ಒಂದು ವಾದ ಇದೆ, ಅದನ್ನ ಮರೆಯೋ ಹಾಗಿಲ್ಲ. ಭಾಷೆಗಳ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ ಅಂತ ಅವರ ಸೂಚನೆಯಲ್ಲೇ ಇದೆ, ತೆರೆಯ ಮೇಲೆ ಭಾಷೆ ಬದಲಿಸೋ ಸೌಲಭ್ಯನೂ ಇದೆ. ಅನುಮಾನ ಬಂದರೆ ಇಂಗ್ಲಿಷ್ ನೋಡಬಹುದಿತ್ತಲ್ಲ? ಬಹುದಿತ್ತು, ಅನುಮಾನ ಬಂದಿದ್ದರೆ. 2024ರ ಆಗಸ್ಟ್‌ನ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ನೋಡಿ ಅಭ್ಯರ್ಥಿಗಳು ಕೂಗೆಬ್ಬಿಸಿದರು, ಡಿಸೆಂಬರ್‌ನಲ್ಲಿ ಮರುಪರೀಕ್ಷೆಯೇ ಆಯಿತು. ಅರ್ಥವಾಗದ ವಾಕ್ಯ ನಮ್ಮನ್ನ ತಾನೇ ಎಚ್ಚರಿಸುತ್ತೆ. ಇಲ್ಲಿನ ವಾಕ್ಯ ಅಚ್ಚುಕಟ್ಟಾಗಿದೆ, ಲೆಕ್ಕ ಹೊಂದುತ್ತೆ, ಉತ್ತರ ಕಣ್ಣೆದುರಿಗೇ ಇದೆ. ಒಂದು ಪ್ರಶ್ನೆಗೆ 54 ಸೆಕೆಂಡ್ ಇರುವಾಗ ಸರಿಯಾಗಿ ಕಾಣೋ ವಾಕ್ಯವನ್ನ ಇನ್ನೊಂದು ಭಾಷೆಯಲ್ಲಿ ಯಾರು ತಾಳೆ ನೋಡ್ತಾರೆ?

ಹಾಗಾದರೆ ಏನು ಕೇಳಬೇಕಿತ್ತು? ಕೀ ಬದಲಿಸಿ ಅಂತ ಅಲ್ಲ, ಹಾಗೆ ಮಾಡಿದರೆ 480 ಒತ್ತಿದವರಿಗೆ ಅನ್ಯಾಯ. ಕನ್ನಡ ಆರಿಸಿಕೊಂಡವರಿಗೆ ಎರಡೂ ಉತ್ತರ ಮಾನ್ಯ ಮಾಡಿ ಅಂತ ಕೇಳಬೇಕಿತ್ತು. ಒಂದು ಪ್ರಶ್ನೆಗೆ ಎರಡು ಉತ್ತರ ಹೇಗೆ ಅಂತ ಮಂಡಳಿ ಕೇಳಬಹುದು. 2024ರ ನೀಟ್‌ನ ಒಂದು ಭೌತಶಾಸ್ತ್ರ ಪ್ರಶ್ನೆಗೆ ಎರಡು ಉತ್ತರಕ್ಕೂ ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ತಜ್ಞರನ್ನ ಕೇಳಿ, ಸರಿ ಉತ್ತರ ಒಂದೇ ಅಂತ ತೀರ್ಮಾನಿಸಿತು. ಆದರೆ ಅಲ್ಲಿ ಎಲ್ಲರೂ ಓದಿದ್ದು ಒಂದೇ ಪ್ರಶ್ನೆ. ಇಲ್ಲಿ ಎರಡು ಪ್ರಶ್ನೆಗಳಿವೆ, ಒಂದೊಂದಕ್ಕೆ ಒಂದೊಂದು ಉತ್ತರ.

ನಾನಾದರೆ ಪತ್ರವನ್ನ ಇಷ್ಟಕ್ಕೇ ಮುಗಿಸುತ್ತಿದ್ದೆ: ‘ಈ ಐಡಿಯ ಪ್ರಶ್ನೆಯ ಇಂಗ್ಲಿಷ್ ಆವೃತ್ತಿಯಲ್ಲಿ ಬೆಲೆ ಶೇ. 20ರಷ್ಟು ಇಳಿದಿದೆ, ಕನ್ನಡದಲ್ಲಿ ಶೇ. 20ಕ್ಕೆ ಇಳಿದಿದೆ. ಮೊದಲನೆಯದಕ್ಕೆ ಉತ್ತರ 480, ಎರಡನೆಯದಕ್ಕೆ 120, ಎರಡೂ ಆಯ್ಕೆಗಳಲ್ಲಿವೆ. ಕನ್ನಡ ಆರಿಸಿಕೊಂಡವರಿಗೆ ಎರಡನ್ನೂ ಮಾನ್ಯ ಮಾಡಿ.’ ಓದೋಕೆ ಅರ್ಧ ನಿಮಿಷ ಸಾಕು. ಅಪ್ಪನ ಸಾಲದ ಮಾತು ಬೇಡ. ಆದರೆ ಮೊದಲ ಪುಟದ ಒಂದು ಸಾಲನ್ನ ಮಾತ್ರ ನಾನು ಬಿಡ್ತಿರಲಿಲ್ಲ. ಅದು ಗೋಳಲ್ಲ, ಪತ್ರದ ಅತ್ಯಂತ ಗಟ್ಟಿ ವಾದ: ‘ಕನ್ನಡದಲ್ಲಿ ಬರೆಯಬಹುದೆಂದು ತಾವೇ ತಿಳಿಸಿದ್ದಿರಿ.’

ಇದನ್ನೆಲ್ಲ ಅವಳಿಗೆ ಹೇಳಿದೆ. ಆಕ್ಷೇಪಣೆಯ ಕಿಟಕಿ ಮುಚ್ಚಿಯಾಗಿತ್ತು. ಆದರೂ ಅವಳು ಲೆಕ್ಕ ಹಾಕಿದಳು: ಕಳೆದದ್ದು ಮೂರನೇ ಒಂದು, ಸೇರಬೇಕಿದ್ದದ್ದು ಒಂದು, ಒಟ್ಟು 1.33. ಕಟ್-ಆಫ್ ದಾಟೋಕೆ ಅಷ್ಟು ಸಾಕಿತ್ತು.