ದಿವೆ ಘಾಟಿನ ಇಳಿಜಾರು, ಜೆನ್ಸೆನ್ನನ ಜ್ಯಾ

ಪುಣೆಯ ಹಡಪಸರದಿಂದ ಸಾಸವಡಕ್ಕೆ ಹೋಗಬೇಕಾದರೆ ದಿವೆ ಘಾಟ್ ಹತ್ತಬೇಕು. ಒಂದು ಲಾರಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಿ, ಅದೇ ದಾರಿಯಲ್ಲಿ 60ರ ವೇಗದಲ್ಲಿ ಇಳಿಯಿತು ಎಂದುಕೊಳ್ಳಿ. ಸರಾಸರಿ ವೇಗ 40 ಎಂದು ನಾಲಿಗೆ ಹೇಳಿಬಿಡುತ್ತದೆ. ಆದರೆ ಹತ್ತುವಾಗ ಕಿಲೋಮೀಟರಿಗೆ 3 ನಿಮಿಷ, ಇಳಿಯುವಾಗ 1 ನಿಮಿಷ. ಸರಾಸರಿ 2 ನಿಮಿಷ, ಅಂದರೆ ಗಂಟೆಗೆ 30 ಕಿ.ಮೀ. ದೂರ ಸಮವಾಗಿದ್ದಾಗ ನಿಧಾನದ ದಾರಿ ಹೆಚ್ಚು ಹೊತ್ತು ತಿನ್ನುತ್ತದೆ. ಹೊತ್ತು ಸಮವಾಗಿದ್ದರೆ 40 ಸರಿಯಾಗಿಯೇ ಇರುತ್ತಿತ್ತು.

ಇದನ್ನು ಚಿತ್ರವಾಗಿ ನೋಡುವುದರಲ್ಲೇ ಸೊಗಸಿದೆ. ಅಡ್ಡಗೆರೆಯ ಮೇಲೆ ವೇಗ, ಎತ್ತರಕ್ಕೆ ಒಂದು ಕಿಲೋಮೀಟರಿಗೆ ತಗಲುವ ನಿಮಿಷ. ಬರುವ ವಕ್ರರೇಖೆ ಒಳಗೆ ಜೋಲುಬಿದ್ದು ಇಳಿಯುತ್ತದೆ; ಗಣಿತದಲ್ಲಿ ಇಂಥದ್ದು ಪೀನ ಉತ್ಪನ್ನ. 20ರ ಮತ್ತು 60ರ ಬಿಂದುಗಳನ್ನು ಒಂದು ಜ್ಯಾದಿಂದ ಜೋಡಿಸಿದರೆ ಅದರ ನಡುಬಿಂದು 40ರ ನೇರಕ್ಕೆ, 2 ನಿಮಿಷದ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಟ್ಟಗೆ ಕೆಳಗಿಳಿದರೆ ವಕ್ರರೇಖೆ ಸಿಗುವುದು ಒಂದೂವರೆ ನಿಮಿಷದಲ್ಲಿ. ಆ ಅರ್ಧ ನಿಮಿಷದ ಸಂದೇ ಅಸಮತೆ. ಅದೇ ನಡುಬಿಂದುವಿನಿಂದ ಎಡಕ್ಕೆ ಸರಿದರೆ ವಕ್ರರೇಖೆ ಸಿಗುವ ಜಾಗ 30. ಅದೇ ಹರಾತ್ಮಕ ಮಾಧ್ಯ.

ಈಗ ವಕ್ರರೇಖೆಯನ್ನಷ್ಟೇ ಬದಲಿಸಿ, ಎರಡು ಸಂಖ್ಯೆಗಳನ್ನು ಹಾಗೇ ಬಿಡಿ. ಲಾಗರಿದಮ್ಮಿನ ರೇಖೆ ಇಟ್ಟರೆ ಅದೇ ಆಟ ಸುಮಾರು 34.6ಕ್ಕೆ ತಂದು ನಿಲ್ಲಿಸುತ್ತದೆ: ಗುಣೋತ್ತರ ಮಾಧ್ಯ. ವರ್ಗದ ರೇಖೆ ಇಟ್ಟರೆ ಬಲಕ್ಕೆ ಸರಿದು 44.7. ನಾಲ್ಕು ಬೇರೆ ಬೇರೆ ಸೂತ್ರಗಳೆಂದು ಉರುಹಾಕಿದ್ದು ಒಂದೇ ಆಟದ ನಾಲ್ಕು ಓದುಗಳಾಗಿ 30, 34.6, 40, 44.7 ಎಂದು ಸಾಲಾಗಿ ನಿಲ್ಲುತ್ತವೆ. ಸಾಲು ಕೂಡಿಕೊಂಡು ಒಂದಾಗುವುದು ವೇಗಗಳೆರಡೂ ಸಮವಾದಾಗ ಮಾತ್ರ. ವೇಗ ಸೊನ್ನೆಯಾದರೆ ವಕ್ರರೇಖೆಯೇ ಇಲ್ಲ. ಈ ಹೋಲಿಕೆ ಧನ ಸಂಖ್ಯೆಗಳಿಗಷ್ಟೇ ಮೀಸಲು.

1906ರಲ್ಲಿ ಪೀನ ಉತ್ಪನ್ನಗಳ ಮೇಲೆ ಪ್ರಬಂಧ ಬರೆದ ಯೋಹಾನ್ ಜೆನ್ಸೆನ್, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಇಂಜಿನಿಯರ್. ನಡುಬಿಂದುವಿನ ಶರತ್ತೊಂದರಿಂದಲೇ ಅವನು ಹೊರಟ. ಎರಡಕ್ಕೆ ನಿಜವಾದದ್ದು, ಜೋಡಿ ಜೋಡಿಯಾಗಿ ನಾಲ್ಕಕ್ಕೂ ಎಂಟಕ್ಕೂ ನಿಜ. ಆದರೆ ಮೂರಕ್ಕೆ? ಕೋಶಿ 1821ರಲ್ಲೇ ತೋರಿದ್ದ ಹಾದಿ ಇಲ್ಲಿ ಒದಗುತ್ತದೆ, ನನಗೆ ಇದಕ್ಕಿಂತ ಚೆಲುವಾದ ಹೆಜ್ಜೆ ಗೊತ್ತಿಲ್ಲ. x, y, z ಎಂಬ ಮೂರು ಸಂಖ್ಯೆಗಳ ಸರಾಸರಿ m ಅನ್ನೇ ನಾಲ್ಕನೆಯದಾಗಿ ಸೇರಿಸಿ. ಸರಾಸರಿ ಕದಲುವುದಿಲ್ಲ. ಪೀನ ಉತ್ಪನ್ನ f ಗೆ ನಾಲ್ಕರ ಅಸಮತೆ ಹೀಗಾಗುತ್ತದೆ:

4f(m) ≤ f(x) + f(y) + f(z) + f(m)

ಎರಡೂ ಕಡೆಯಿಂದ ಒಂದೊಂದು f(m) ಕಳೆದರೆ ಮೂರರದ್ದು ತಾನಾಗಿ ಉಳಿಯುತ್ತದೆ. ಇದೇ ದಾರಿಯಲ್ಲಿ ಎಲ್ಲ ಭಿನ್ನರಾಶಿಯ ತೂಕಗಳಿಗೂ ಹೋಗಬಹುದು. √2ರಂಥ ತೂಕ ಬಂದಾಗ ಮಾತ್ರ, ರೇಖೆ ಎಲ್ಲೂ ಕಡಿಯದೆ ಹರಿಯುತ್ತದೆಂಬ ಭರವಸೆಯನ್ನು ಹೊರಗಿನಿಂದ ತರಬೇಕು.